ಸ್ಪಷ್ಟನೆ: ಮ್ಯಾಚಿಂಗ್ ಆದ ಮೇಲೂ ಉಳಿಯುವ ವ್ಯತ್ಯಾಸ

"ಪ್ರೊಪೆನ್ಸಿಟಿ ಸ್ಕೋರ್ ಮ್ಯಾಚಿಂಗ್ ಮಾಡಿದ್ದಾರೆ, ಗುಂಪುಗಳ ನಡುವೆ ವಯಸ್ಸು, ಬಿಎಂಐ ಮುಂತಾದವುಗಳ ಹೋಲಿಕೆಯಲ್ಲಿ ಪಿ-ವ್ಯಾಲ್ಯೂ 0.05ಕ್ಕಿಂತ ಹೆಚ್ಚಿದೆ. ಇನ್ನೇನು, ರ‍್ಯಾಂಡಮೈಸ್ಡ್ ಟ್ರಯಲ್‌ಗೆ ಸಮ!"

ಸಮವಲ್ಲ. ಲ್ಯಾಪರೊಸ್ಕೋಪಿಯನ್ನೂ ತೆರೆದ ಶಸ್ತ್ರಚಿಕಿತ್ಸೆಯನ್ನೂ ಹಳೆಯ ದಾಖಲೆಗಳಿಂದ ಹೋಲಿಸುವಾಗ, ವಯಸ್ಸು, ಬಿಎಂಐ, ಗೆಡ್ಡೆಯ ಹಂತ ನೋಡಿ ಪ್ರತಿ ರೋಗಿಗೆ ಲ್ಯಾಪರೊಸ್ಕೋಪಿ ಸಿಗುವ ಸಂಭವನೀಯತೆ ಲೆಕ್ಕ ಹಾಕುತ್ತಾರೆ; ಅದೇ ಪ್ರೊಪೆನ್ಸಿಟಿ ಸ್ಕೋರ್. ಹತ್ತಿರದ ಸ್ಕೋರ್ ಇದ್ದವರು ಜೋಡಿಯಾಗುತ್ತಾರೆ. ಆದರೆ ಹಿಂದಿನ ಆಪರೇಷನ್‌ನಿಂದ ಕರುಳು ಅಂಟಿಕೊಂಡಿರಬಹುದೆಂದು ಸರ್ಜನ್ ತೆರೆದ ವಿಧಾನ ಆರಿಸಿ, ಆ ಕಾರಣ ಫೈಲಿಗೆ ಸೇರದಿದ್ದರೆ? ಜೋಡಿಯ ಇಬ್ಬರೂ ಕಾಗದದ ಮೇಲಷ್ಟೇ ಸಮಾನರು. ಅಂಟಿಕೆಯಿಂದಾದ ರಕ್ತಸ್ರಾವದ ಅಪವಾದ ತೆರೆದ ವಿಧಾನದ ತಲೆಗೆ.

ಪಿ-ವ್ಯಾಲ್ಯೂ ಮಾತಂತೂ ದಾರಿ ತಪ್ಪಿಸುವಂಥದ್ದು. ಜೋಡಿ ಸಿಗದವರನ್ನು ಬಿಟ್ಟಾಗ ಸಂಖ್ಯೆ ಇಳಿಯುತ್ತದೆ, ಅಷ್ಟಕ್ಕೇ ಪಿ ಏರಬಹುದು. ನೋಡಬೇಕಾದ್ದು ಪ್ರತಿ ಅಂಶದ ಸ್ಟ್ಯಾಂಡರ್ಡೈಸ್ಡ್ ವ್ಯತ್ಯಾಸ, ಅಂದರೆ ಎರಡು ಗುಂಪುಗಳ ಸರಾಸರಿಯ ಅಂತರವನ್ನು ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ ಭಾಗಿಸಿದ್ದು; ಅದು 0.1ಕ್ಕಿಂತ ಕಡಿಮೆ ಇರಬೇಕೆಂಬುದು ರೂಢಿ. ಅದೂ ಅಳೆದ ಅಂಶಗಳಿಗೆ ಮಾತ್ರ.