ಬಟ್ಲರ್ ಮೇಲೆ ಅನುಮಾನ ಬಂತಾ? ಸ್ವಲ್ಪ ತಡೀರಿ

ಅಕ್ಕನ ಮಗ ಮೊನ್ನೆ ಫೋನ್ ಮಾಡಿದ. ಕಾನನ್ ಡಾಯ್ಲ್ ಬರೆದ ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ ಅರ್ಧ ಓದಿದ್ದಾನಂತೆ. "ಮಾಮ, ಆ ಬಟ್ಲರ್ ಬ್ಯಾರಿಮೋರೇ ಅಲ್ವಾ ಕಳ್ಳ?" ನನಗೆ ನಗು ಬಂತು. ಅವನ ವಯಸ್ಸಿನಲ್ಲಿ ನಾನೂ ಅಲ್ಲೇ ಜಾರಿ ಬಿದ್ದಿದ್ದೆ.

ಇಂಥ ಸುಳ್ಳು ಜಾಡಿಗೆ ಇಂಗ್ಲಿಷಿನವರು ರೆಡ್ ಹೆರಿಂಗ್ ಅನ್ನುತ್ತಾರೆ. ಹೊಗೆ ಹಾಕಿ ಕೆಂಪಾಗಿಸಿದ ಮೀನು ಅದು, ವಿಪರೀತ ವಾಸನೆ. ಅದನ್ನು ಎಳೆದುಕೊಂಡು ಹೋಗಿ ಬೇಟೆನಾಯಿಗಳ ದಾರಿ ತಪ್ಪಿಸಿದ ಕಥೆಯೊಂದನ್ನು ವಿಲಿಯಂ ಕಾಬೆಟ್ ಎಂಬ ಪತ್ರಕರ್ತ 1807ರಲ್ಲಿ ಬರೆದ. ಆಮೇಲೆ ಆ ಮಾತು ಜನರ ಬಾಯಲ್ಲಿ ಉಳಿಯಿತು. ಹೆಸರಿನಲ್ಲೇ ಬೇಟೆನಾಯಿ ಇರುವ ಈ ಕಾದಂಬರಿಗೆ ಹೇಳಿ ಮಾಡಿಸಿದ ಹಾಗಿದೆ!

(ಕೊಲೆಗಾರ ಯಾರೆಂದು ಹೇಳುವುದಿಲ್ಲ. ಆದರೆ ಬ್ಯಾರಿಮೋರ್ ಗುಟ್ಟು ಹೇಳದೆ ವಿಧಿಯಿಲ್ಲ. ಓದದವರು ಇಲ್ಲೇ ನಿಲ್ಲಿಸಿ.)

ಡಾಯ್ಲ್ ಈ ಮನುಷ್ಯನ ಮೇಲೆ ಅನುಮಾನವನ್ನು ಹೇಗೆ ಪೇರಿಸುತ್ತಾನೆ ನೋಡಿ. ಬಂಗಲೆಯ ಯಜಮಾನ ಸತ್ತಿದ್ದಾನೆ. ಲಂಡನ್ನಿನಲ್ಲಿ ಅವನ ವಾರಸುದಾರ ಸರ್ ಹೆನ್ರಿಯನ್ನು ಸಾರೋಟಿನಲ್ಲಿ ಹಿಂಬಾಲಿಸಿದವನಿಗೆ ಕಪ್ಪು ಗಡ್ಡ. ಬ್ಯಾರಿಮೋರನಿಗೂ ಕಪ್ಪು ಗಡ್ಡ. ಅವನು ಬಂಗಲೆಯಲ್ಲೇ ಇದ್ದಾನಾ ಅಂತ ತಿಳಿಯಲು ಹೋಮ್ಸ್ ಟೆಲಿಗ್ರಾಂ ಕಳಿಸುತ್ತಾನೆ, ಅವನ ಕೈಗೇ ಕೊಡಬೇಕೆಂದು ತಾಕೀತು ಮಾಡಿ. ಆಮೇಲೆ ನೋಡಿದರೆ ಟೆಲಿಗ್ರಾಂ ತಂದ ಹುಡುಗ ಅದನ್ನು ಕೊಟ್ಟದ್ದು ಹೆಂಡತಿಯ ಕೈಗೆ. ಸತ್ತ ಯಜಮಾನನ ಉಯಿಲಿನಲ್ಲಿ ಗಂಡ ಹೆಂಡತಿಗೆ ತಲಾ 500 ಪೌಂಡ್. ರಾತ್ರಿ ಹೆಂಗಸು ಅಳುವ ಸದ್ದು ಕೇಳುತ್ತದೆ, ಬೆಳಗ್ಗೆ ಕೇಳಿದರೆ ಇವನು ಇಲ್ಲ ಅನ್ನುತ್ತಾನೆ. ಹೆಂಡತಿಯ ಕಣ್ಣು ಮಾತ್ರ ಕೆಂಪಗೆ ಊದಿದೆ. ಸಾಲದ್ದಕ್ಕೆ ರಾತ್ರಿ ಎರಡು ಗಂಟೆಗೆ ಮೇಣದ ಬತ್ತಿ ಹಿಡಿದು ಖಾಲಿ ಕೋಣೆಯ ಕಿಟಕಿಯಲ್ಲಿ ನಿಲ್ಲುತ್ತಾನೆ. ಇನ್ನೇನು ಬೇಕು ಹೇಳಿ?

ಇಲ್ಲಿ ಡಾಯ್ಲ್ ಸುಮ್ನೆ ಮುಖ ಗಂಟಿಕ್ಕಿದ ಆಳನ್ನು ತಂದು ನಿಲ್ಲಿಸಿಲ್ಲ. ಬ್ಯಾರಿಮೋರ್ ನಿಜವಾಗಿಯೂ ಏನೋ ಮುಚ್ಚಿಡುತ್ತಿದ್ದಾನೆ. ಜೈಲಿನಿಂದ ತಪ್ಪಿಸಿಕೊಂಡ ಕೈದಿ ಸೆಲ್ಡನ್ ಅವನ ಹೆಂಡತಿಯ ತಮ್ಮ. ಬಯಲಿನಲ್ಲಿ ಅಡಗಿರುವ ಅವನಿಗೆ ಊಟ ಕೊಡಲು ಆ ಬತ್ತಿಯ ಸನ್ನೆ. ತಪ್ಪು ಇದೆ, ಆದರೆ ಬೇರೆ ತಪ್ಪು. ಒಳ್ಳೆಯ ಸುಳ್ಳು ಜಾಡಿನ ಗುಣವೇ ಇದು. ಅನುಮಾನಿತನಿಗೆ ತನ್ನದೇ ಆದ ಕಥೆ ಇರುತ್ತದೆ. ಹಾಗಿಲ್ಲದೆ ಕೊನೆಗೆ "ಓ, ಅವನು ಸುಮ್ನೆ ಹಾಗೆ ಓಡಾಡುತ್ತಿದ್ದ" ಅಂದರೆ ನನಗೆ ಪುಸ್ತಕ ಎಸೆಯುವಷ್ಟು ಸಿಟ್ಟು ಬರುತ್ತದೆ.

ಹಾಗಾದರೆ ಓದುವಾಗ ತೂಗುವುದು ಹೇಗೆ? ಗಡ್ಡದಿಂದಲೇ ಶುರು ಮಾಡಿ. ಗುಟ್ಟಾಗಿ ಹಿಂಬಾಲಿಸುವ ಜಾಣ ತನ್ನ ಮುಖವನ್ನೇ ತೋರಿಸಿಕೊಂಡು ಬರುತ್ತಾನಾ? ಆ ಗಡ್ಡ ಮುಖ ಮುಚ್ಚಲು ಅಂಟಿಸಿದ್ದು ಅಂತ ಹೋಮ್ಸ್ ಬೇಗನೇ ಹೇಳಿಬಿಡುತ್ತಾನೆ. ಅಂದರೆ ನಿಜವಾದ ಗಡ್ಡದವನ ಮೇಲೆ ಅನುಮಾನ ಹೆಚ್ಚಲ್ಲ, ಕಡಿಮೆ ಆಗಬೇಕು. ನಾವು ಆ ಸಾಲು ಓದಿ ಮರೆತಿರುತ್ತೇವೆ.

ಇನ್ನೊಂದು, ನಾನು ಯಾವಾಗಲೂ ಮಾಡುವ ಲೆಕ್ಕ: ಇವನೇ ಅಂತ ಒಪ್ಪಿಕೊಂಡರೆ ಯಾವುದು ಉಳಿದುಹೋಗುತ್ತದೆ? ಇಲ್ಲಿ ಉಳಿಯುವುದು ಬೂಟು. ಹೋಟೆಲಿನಲ್ಲಿ ಸರ್ ಹೆನ್ರಿಯ ಹೊಸ ಕಂದು ಬೂಟು ಒಂದು ಕಾಣೆಯಾಗುತ್ತದೆ, ಅವನು ಒಮ್ಮೆಯೂ ಹಾಕಿರದ್ದು. ಆಮೇಲೆ ಹಳೇ ಕಪ್ಪು ಬೂಟು ಒಂದು ಹೋಗುತ್ತದೆ, ಹೊಸದು ವಾಪಸ್ ಬರುತ್ತದೆ. ಬ್ಯಾರಿಮೋರನ ದುಡ್ಡಾಸೆ, ಮೇಣದ ಬತ್ತಿ, ಅಳು ಯಾವುದಕ್ಕೂ ಈ ಬೂಟು ಅಂಟುವುದಿಲ್ಲ. ಒಂಬತ್ತನೇ ಅಧ್ಯಾಯದಲ್ಲಿ ಬಟ್ಲರ್ ಗುಟ್ಟು ಬಯಲಾದ ಮೇಲೂ ಅದು ಹಾಗೇ ಬಿದ್ದಿರುತ್ತದೆ. ಪುಸ್ತಕದಲ್ಲಿರುವುದು ಹದಿನೈದು ಅಧ್ಯಾಯ!

ಆದರೆ ಅನುಮಾನದಿಂದ ಪಾರಾದವರೆಲ್ಲ ಅಮಾಯಕರು ಅಂದುಕೊಳ್ಳಬೇಡಿ. ಅಗಾಥಾ ಕ್ರಿಸ್ಟಿಯ ಒಂದು ಕಾದಂಬರಿಯಲ್ಲಿ (ಹೆಸರು ಬೇಡ, ಬೈತೀರಿ) ಎಲ್ಲರೂ ಅನುಮಾನಿಸಿದವನು ಸಾಕ್ಷಿ ಸಮೇತ ಪಾರಾಗಿ, ಕೊನೆಗೆ ಅವನೇ ಕೊಲೆಗಾರ ಅಂತಾಗುತ್ತದೆ. ಅಲ್ಲಿ ಅವನನ್ನು ಬಿಡಿಸಿದ್ದು ಆ ಹೊತ್ತಿಗೆ ಬೇರೆ ಕಡೆ ಇದ್ದ ಎಂಬ ಮಾತು ಮಾತ್ರ. ಅವನ ವಿಚಿತ್ರ ನಡವಳಿಕೆಗೆ ನಿಜವಾದ ಕಾರಣ ಸಿಕ್ಕಿರುವುದಿಲ್ಲ. ಬ್ಯಾರಿಮೋರನ ವಿಷಯದಲ್ಲಿ ಹಾಗಲ್ಲ. ಅಳು, ಸುಳ್ಳು, ಬತ್ತಿ ಎಲ್ಲಕ್ಕೂ ಒಂದೇ ಉತ್ತರ ಸಿಗುತ್ತದೆ. ಈ ವ್ಯತ್ಯಾಸ ಗಮನಿಸಿದರೆ ಅರ್ಧ ಕೆಲಸ ಆದ ಹಾಗೆ.

ಹುಡುಗನಿಗೆ ಇದನ್ನೆಲ್ಲ ಹೇಳಲಿಲ್ಲ. "ಬೂಟು ಯಾಕೆ ಬದಲಾಯ್ತು ಯೋಚಿಸು" ಅಂದೆ ಅಷ್ಟೆ. ನಿನ್ನೆ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಬಂತು: "ಮಾಮ, ಹೊಸ ಬೂಟಿಗೆ ಅವನ ವಾಸನೆ ಇರಲ್ಲ!!"