ಸೂರ್ಯ ಲೇಟಾಗಿಲ್ಲ ಸ್ವಾಮಿ

ಸಂಕ್ರಾಂತಿ ಸಂಜೆ ಗವಿಗಂಗಾಧರೇಶ್ವರನ ಗುಡಿಯಿಂದ ನೇರಪ್ರಸಾರ. ನಿರೂಪಕನಿಗೆ ಉಸಿರೇ ಸಿಗುತ್ತಿಲ್ಲ. "ಇನ್ನು ಕೆಲವೇ ಕ್ಷಣ, ಸೂರ್ಯದೇವ ಪಥ ಬದಲಿಸಲಿದ್ದಾನೆ!" ಕೆಳಗೆ ಕೆಂಪು ಪಟ್ಟಿ, ಮೂಲೆಯಲ್ಲಿ ಕೌಂಟ್‌ಡೌನ್, ಪಕ್ಕದಲ್ಲಿ ಒಬ್ಬ ಗುರೂಜಿ. ನಂದಿಯ ಕೊಂಬುಗಳ ನಡುವೆ ತೂರಿದ ಬಿಸಿಲು ಲಿಂಗವನ್ನು ಮುಟ್ಟಿತು. ಸೂರ್ಯ ಯೂಟರ್ನ್ ಹೊಡೆದ. ಒಂದು ಪುಟ್ಟ ಬ್ರೇಕ್.

ಆ ಯೂಟರ್ನ್ ಆಗಿ ಆಗಲೇ ಮೂರು ವಾರ ದಾಟಿತ್ತು. ನಮ್ಮ ಮನೆ ಟೆರೇಸೇ ಸಾಕ್ಷಿ. ಡಿಸೆಂಬರ್ 21ರ ಆಸುಪಾಸಿನಲ್ಲಿ ಸೂರ್ಯ ಎದುರು ಮನೆಯ ನೀರಿನ ಟ್ಯಾಂಕಿನ ಎಡ ಅಂಚಿನಲ್ಲಿ ಮುಳುಗುತ್ತಿದ್ದ. ಅದಕ್ಕಿಂತ ಎಡಕ್ಕೆ, ಅಂದರೆ ದಕ್ಷಿಣಕ್ಕೆ, ಹೋಗಲೇ ಇಲ್ಲ. ಸಂಕ್ರಾಂತಿ ಹೊತ್ತಿಗೆ ಅವನದೇ ನಾಲ್ಕು ಬಿಂಬದಷ್ಟು ಬಲಕ್ಕೆ ಸರಿದಿದ್ದ. ಬೆಂಗಳೂರಿನಲ್ಲಿ ಯಾರ ಟೆರೇಸಿನಿಂದ ನೋಡಿದರೂ ಇಷ್ಟೇ. ಟ್ಯಾಂಕಿಗೆ ಟಿಆರ್‌ಪಿ ಇಲ್ಲ, ಅದಕ್ಕೇ ಸುಮ್ನೆ ನಿಜ ಹೇಳುತ್ತೆ.

ಹಾಗಂತ ಹಬ್ಬ ತಪ್ಪಲ್ಲ. ಮಕರ ಸಂಕ್ರಾಂತಿ ಅಂದರೆ ಸೂರ್ಯ ಮಕರ ರಾಶಿಗೆ ಬರುವ ದಿನ. ನಮ್ಮ ಪಂಚಾಂಗ ರಾಶಿಗಳನ್ನು ನಕ್ಷತ್ರಗಳಿಗೆ ಕಟ್ಟಿದೆ, ಆ ಲೆಕ್ಕ ಸರಿಯಾಗೇ ಇದೆ. ಆದರೆ ಸೂರ್ಯ ಉತ್ತರಕ್ಕೆ ತಿರುಗೋದು ಭೂಮಿಯ ಓರೆಯಿಂದ. ಆ ಓರೆ ಅಕ್ಷ ನಿಲ್ಲೋ ಮುಂಚಿನ ಬುಗುರಿಯ ಹಾಗೆ ತೂಗಾಡುತ್ತೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಹೀಗಾಗಿ ತಿರುಗುವ ಜಾಗ ನಕ್ಷತ್ರಗಳ ನಡುವೆ 72 ವರ್ಷಕ್ಕೆ ಒಂದು ಡಿಗ್ರಿ ಹಿಂದೆ ಸರಿಯುತ್ತೆ. ಸುಮಾರು 1700 ವರ್ಷದ ಹಿಂದೆ ಎರಡೂ ಒಂದೇ ದಿನ ಬೀಳುತ್ತಿದ್ದವು. ಈಗ 24 ಡಿಗ್ರಿ ಅಂತರ, ಅಂದರೆ 24 ದಿನ. ದಕ್ಷಿಣಾಯನಕ್ಕೂ ಇದೇ ಪಾಡು: ಸೂರ್ಯ ತಿರುಗೋದು ಜೂನ್ 21ಕ್ಕೆ, ನಾವು ಬೀಳ್ಕೊಡೋದು ಜುಲೈ ಮಧ್ಯದ ಕರ್ಕ ಸಂಕ್ರಾಂತಿಗೆ. ವಿವೇಕಾನಂದರು ಹುಟ್ಟಿದ್ದು 1863ರ ಸಂಕ್ರಾಂತಿ ದಿನ. ಅವತ್ತು ಜನವರಿ 12. ಈಗ ಸಂಕ್ರಾಂತಿ 14 ಇಲ್ಲವೇ 15. ಹಬ್ಬವೇ ಜಾರುತ್ತಿದೆ, ಸೂರ್ಯನಲ್ಲ.

ಇದನ್ನೆಲ್ಲ ಹೇಳಿದರೆ ಗುರೂಜಿಗೆ ಕೋಪ. ಶಾಸ್ತ್ರ ಗೊತ್ತಿಲ್ಲದವರು ಮಾತಾಡಬಾರದಂತೆ. ಸರಿ, ಶಾಸ್ತ್ರವನ್ನೇ ಕೇಳೋಣ. ಆರನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಸ್ಪಷ್ಟವಾಗಿ ಬರೆದಿದ್ದಾನೆ: ಹಿಂದೆ ಉತ್ತರಾಯಣ ಧನಿಷ್ಠೆಯಲ್ಲಿ ಶುರುವಾಗುತ್ತಿತ್ತು, ಹಳೇ ಶಾಸ್ತ್ರದಲ್ಲಿ ಹಾಗಿದೆ. ಈಗ ಮಕರದಲ್ಲಿ. ಅನುಮಾನ ಇದ್ದರೆ ಕಣ್ಣಾರೆ ಪರೀಕ್ಷಿಸಿ. ಹೇಗೆ? ದೂರದಲ್ಲೊಂದು ಗುರುತು ಇಟ್ಟುಕೊಂಡು ಹುಟ್ಟುವ ಅಥವಾ ಮುಳುಗುವ ಸೂರ್ಯನನ್ನು ನೋಡಿ ಅಂತ. ಅಂದರೆ, ಎದುರು ಮನೆ ಟ್ಯಾಂಕ್! ಅವನ "ಈಗ" ಅನ್ನೋ ಮಾತನ್ನು ನಾವು ಹದಿನಾಲ್ಕು ಶತಮಾನದಿಂದ "ಯಾವಾಗಲೂ" ಅಂತ ಓದುತ್ತಿದ್ದೇವೆ.

ತಿರುಗುವ ಹೊತ್ತಿಗೆ ಸೂರ್ಯ ನಾಲ್ಕೈದು ದಿನ ಅಲ್ಲಾಡದವನ ಹಾಗೆ ಕಾಣುತ್ತಾನೆ. ಅದಕ್ಕೇ ಟ್ಯಾಂಕ್ ನೋಡಿ ಇಂಥದ್ದೇ ದಿನ ಅನ್ನೋದು ಕಷ್ಟ. ಗವಿಯಲ್ಲೇ ಅದಕ್ಕೆ ಉಪಾಯ ಇದೆ. ಜನವರಿ 14ಕ್ಕೆ ಒಳಗೆ ಬರುವ ಬಿಸಿಲು, ದಕ್ಷಿಣಕ್ಕೆ ಹೋಗುವಾಗಲೂ ಅದೇ ದಾರಿಯಲ್ಲಿ ಬಂದಿರಲೇಬೇಕು, ಅಲ್ವಾ? ಬಂದಿರುತ್ತೆ, ನವೆಂಬರ್ 28ರ ಸುಮಾರಿಗೆ, ಮೋಡ ಇಲ್ಲದಿದ್ದರೆ. ಎರಡು ತಾರೀಖಿನ ನಡುವೆ 47 ದಿನ. ಅರ್ಧ ಮಾಡಿ ಎಣಿಸಿ. ಡಿಸೆಂಬರ್ 21! ಚಾನೆಲ್‌ಗಳು ಪಥ ಬದಲಾವಣೆ ಅಂತ ತೋರಿಸುವ ಅದೇ ಕಿರಣ, ಪಥ ಯಾವತ್ತೋ ಬದಲಾಯಿತು ಅಂತ ಹೇಳುತ್ತಿದೆ.

ಸರ್ಕಾರಕ್ಕೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ವಿಜ್ಞಾನಿ ಮೇಘನಾದ ಸಾಹಾ ಅಧ್ಯಕ್ಷರಾಗಿದ್ದ ಸಮಿತಿ ಹೇಳಿದಂತೆ 1957ರಲ್ಲಿ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಅದರಲ್ಲಿ ಪುಷ್ಯ ಮಾಸದ ಮೊದಲ ದಿನ ಡಿಸೆಂಬರ್ 22, ಅಂದರೆ ಸೂರ್ಯ ತಿರುಗಿದ ಬೆನ್ನಿಗೇ. ಆ ಪಂಚಾಂಗದ ತಾರೀಖನ್ನು ಗೆಜೆಟ್ಟಿನಲ್ಲಿ ಅಚ್ಚು ಹಾಕುತ್ತಾರೆ. ಓದುವವರು ಯಾರೋ, ಆ ಸೂರ್ಯನೇ ಬಲ್ಲ.

ನಗು ಬರೋದು ಇಲ್ಲಿಯವರೆಗೆ. ನನ್ನ ಫ್ಲಾಟ್ ಆಗಸ್ಟಿನಲ್ಲಿ ಸಿಗಬೇಕಿತ್ತು. "ದಕ್ಷಿಣಾಯನ ಸಾರ್, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ" ಅಂದ ಬಿಲ್ಡರ್. ಅಲ್ಲಿಂದ ಬಾಡಿಗೆಯೂ ಕಟ್ಟಿದೆ, ಸಾಲದ ಕಂತೂ ಕಟ್ಟಿದೆ. ಡಿಸೆಂಬರ್ 22ಕ್ಕೆ ಫೋನ್ ಮಾಡಿ, ಉತ್ತರಾಯಣ ಬಂತಲ್ಲ, ಬೀಗದ ಕೈ ಕೊಡಪ್ಪ ಅಂದೆ. "ಧನುರ್ಮಾಸ ಸಾರ್." ಕೆಲಸ ಮುಗಿಸದೆ ಇರೋದಕ್ಕೆ ಸೂರ್ಯನ ಹೆಸರು ಹೇಳೋದು ಮೋಸ. ಇದಕ್ಕೆ ಬೇರೆ ಪದ ನನ್ನ ಹತ್ತಿರ ಇಲ್ಲ, ಹುಡುಕೋ ತಾಳ್ಮೆಯೂ ಇಲ್ಲ.

ಜನವರಿ 16ಕ್ಕೆ ಮತ್ತೆ ಫೋನ್ ಮಾಡಿದೆ.

"ಹ್ಯಾಪಿ ಸಂಕ್ರಾಂತಿ ಸಾರ್! ಲಿಫ್ಟ್ ಇನ್ನೂ ಬಂದಿಲ್ಲ. ಯುಗಾದಿ ಆಗ್ಲಿ, ನೋಡೋಣ."