ವಿನಂತಿ ಮಾಡಿದ್ರೆ ಪಾರ್ಕಿಂಗ್ ಸಿಗಲ್ಲ ಭಾವ

ಶಿವಮೊಗ್ಗದಿಂದ ಭಾವ ಒಂದು ಪತ್ರದ ಕರಡು ಕಳಿಸಿದ್ದರು. ಸಾಗರ ರಸ್ತೆ ಕಡೆಯ ಅವರ ಅಪಾರ್ಟ್‌ಮೆಂಟಿನವರು ಬಿಲ್ಡರ್‌ಗೆ ಬರೆದದ್ದು. "ಒಂದ್ಸಲ ಕಣ್ಣಾಡಿಸು ಮಾರಾಯ, ಪುಣೆಯಲ್ಲಿ ಸೊಸೈಟಿ ಕಮಿಟಿಯಲ್ಲಿ ಇದ್ದವನು ನೀನು" ಅಂದರು.

ಮೊದಲ ಪ್ಯಾರಾದಲ್ಲಿ ಬಿಲ್ಡರ್ ಕುಟುಂಬಕ್ಕೆ ಶುಭ ಹಾರೈಕೆ. ಎರಡನೆಯದರಲ್ಲಿ ಕಟ್ಟಡದ ಬಗ್ಗೆ ಮೆಚ್ಚುಗೆ. ಮೂರನೆಯದರ ಕೊನೆಗೆ, "ತಮಗೆ ಬಿಡುವಾದಾಗ ಕ್ಲಬ್‌ಹೌಸ್ ಮತ್ತು ಪಾರ್ಕಿಂಗ್ ಕಡೆ ಸ್ವಲ್ಪ ಗಮನ ಹರಿಸಬೇಕಾಗಿ ವಿನಂತಿ." ನನಗೆ ಚುರುಕ್ ಅಂತು. ಅರ್ಧ ಆಯಸ್ಸಿನ ದುಡಿಮೆ ಸುರಿದವರು, ಮದುವೆ ಮನೆಯಲ್ಲಿ ಇನ್ನೊಂದು ಸೌಟು ಪಾಯಸ ಕೇಳೋಕೆ ನಾಚಿಕೊಳ್ಳುವವರ ಹಾಗೆ ಕೇಳ್ತಿದ್ದಾರಲ್ಲ!

ಪುಣೆಯಲ್ಲಿ ಇಂಥ ಪತ್ರದಲ್ಲಿ ಹಾರೈಕೆ ಇರಲ್ಲ. ಮೊದಲ ಸಾಲಲ್ಲೇ ರೇರಾ, ಅಂದ್ರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ನೋಂದಣಿ ಸಂಖ್ಯೆ ಕೂರುತ್ತೆ. ಆಮೇಲೆ ಅಗ್ರಿಮೆಂಟಿನ ಎಷ್ಟನೇ ಪುಟದಲ್ಲಿ ಏನು ಬರೆದಿದೆ, ಸ್ಥಳದಲ್ಲಿ ಏನಿದೆ, ಯಾವ ತಾರೀಖಿನೊಳಗೆ ಸರಿ ಮಾಡಬೇಕು. ಅಲ್ಲಿನ ಜನಕ್ಕೆ ಬಿಲ್ಡರ್ ಅಂದ್ರೆ ದುಡ್ಡು ತಗೊಂಡವನು, ಅಷ್ಟೇ. ಅಲ್ಲಿನ ರೇರಾ 2024ರಲ್ಲಿ ಒಂದು ಒಳ್ಳೆ ಕೆಲಸವನ್ನೂ ಮಾಡಿತು. ಮುಚ್ಚಿದ ಪಾರ್ಕಿಂಗ್ ಕೊಟ್ಟರೆ ಅದರ ಉದ್ದ, ಅಗಲ, ಎತ್ತರ, ಎಲ್ಲಿದೆ ಅನ್ನೋದನ್ನೆಲ್ಲ ಅಗ್ರಿಮೆಂಟಿನ ಜೊತೆಗೇ ಲಗತ್ತಿಸಬೇಕು ಅಂತ ಬಿಲ್ಡರ್‌ಗಳಿಗೆ ಹೇಳಿತು. ಎತ್ತರ ಯಾಕೆ ಅಂತೀರಾ? ತಲೆ ಮೇಲೆ ಪೈಪು ಹಾದುಹೋದ ಜಾಗಕ್ಕೆ ದೊಡ್ಡ ಕಾರು ನುಗ್ಗಲ್ಲ. ಪೆಟ್ಟು ತಿಂದವರೇ ಬರೆಸಿದ ನಿಯಮ ಅದು ಅಂತ ನೋಡಿದ್ರೇ ಗೊತ್ತಾಗುತ್ತೆ.

ಭಾವನ ಅಪಾರ್ಟ್‌ಮೆಂಟಿನಲ್ಲಿ ಪೆಟ್ಟು ಬಿದ್ದಿದೆ, ಆದರೆ ಎಲ್ಲಿ ಅಂತ ಯಾರೂ ಅಳೆದು ನೋಡಿರಲಿಲ್ಲ. "ಪಾರ್ಕಿಂಗ್ ಸಾಲ್ತಿಲ್ಲ" ಅಂತ ಪತ್ರದಲ್ಲಿತ್ತು. ಎಷ್ಟು ಸಾಲ್ತಿಲ್ಲ? "ಸುಮಾರು" ಅಂದರು. ಮಂಜೂರಾದ ನಕ್ಷೆ ಕೇಳಿದೆ. ಬಿಲ್ಡರ್ ಕೊಟ್ಟಿಲ್ವಂತೆ, ಇವರು ಕೇಳಿಲ್ವಂತೆ. ಸ್ಥಳೀಯ ಕಾನೂನು ಬೇರೆ ಏನೂ ಹೇಳದಿದ್ದರೆ, ಕಟ್ಟಡ ಪೂರ್ತಿಯಾದ ಪ್ರಮಾಣಪತ್ರ ಬಂದ ಮೂವತ್ತು ದಿನದೊಳಗೆ ನಕ್ಷೆ, ಕಾಗದಪತ್ರ ಎಲ್ಲ ಸಂಘದ ಕೈಗೆ ಕೊಡಬೇಕು ಅಂತ ರೇರಾ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿದೆ. ಸದ್ಯ, ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಆ ಯೋಜನೆಯ ಪುಟ ತೆರೆದರೆ ನಕ್ಷೆ ಅಲ್ಲೇ ಸಿಕ್ಕಿತು. ಬಿಲ್ಡರೇ ಏರಿಸಿದ್ದು.

ಭಾನುವಾರ ಭಾವ, ಮೂರನೇ ಮಹಡಿಯ ರಿಟೈರ್ಡ್ ಮೇಷ್ಟ್ರು ಇಬ್ಬರೂ ಟೇಪು ಹಿಡಿದು ಇಳಿದರು. ನಾನು ವಿಡಿಯೋ ಕಾಲ್‌ನಲ್ಲಿ. ನಕ್ಷೆಯಲ್ಲಿ 28 ಮನೆಗೆ 28 ಜಾಗ. ಪ್ರತಿಯೊಂದೂ ಎರಡೂವರೆ ಮೀಟರ್ ಅಗಲ. ಸ್ಥಳದಲ್ಲಿ ನಾಲ್ಕು ಜಾಗದಲ್ಲಿ ಜನರೇಟರ್ ಮತ್ತು ಸಂಪು. ಎರಡಕ್ಕೆ ಗೋಡೆ ಕಟ್ಟಿ ಬಿಲ್ಡರ್ ಬೀಗ ಹಾಕಿದ್ದಾರೆ. ಇನ್ನು ಮೂರಕ್ಕೆ ನಂಬರೇನೋ ಬರೆದಿದೆ, ಆದರೆ ಎರಡು ಪಿಲ್ಲರ್ ನಡುವಿನ ಅಂತರ ಎರಡು ಮೀಟರ್ ಚಿಲ್ಲರೆ. ಕಾರು ಒಳಗೆ ಹೋಗುತ್ತೆ, ಡ್ರೈವರ್ ಇಳಿಯೋಕಾಗಲ್ಲ. ಪಿಲ್ಲರ್‌ನ ಹಳದಿ-ಕಪ್ಪು ಬಣ್ಣ ಬಾಗಿಲು ತಾಗುವ ಎತ್ತರಕ್ಕೆ ಸರಿಯಾಗಿ ಕಿತ್ತುಹೋಗಿತ್ತು. ಅಂದ್ರೆ ನಿಜವಾಗಿ ಇರೋದು 19. ನಮಗೆ ಬೇಕಾಗಿದ್ದ ಪತ್ರ ಇದೇ ಅಲ್ವಾ? ನಕ್ಷೆಯ ಒಂದು ಪ್ರತಿ, ಒಂಬತ್ತು ಜಾಗದ ಒಂಬತ್ತು ಫೋಟೋ.

ಕ್ಲಬ್‌ಹೌಸ್ ವಿಷಯ ಸ್ವಲ್ಪ ಜಾರುವಂಥದ್ದು. ಬ್ರೋಷರ್‌ನಲ್ಲಿ ಜಿಮ್, ಟೇಬಲ್ ಟೆನಿಸ್, ನಗುವ ಅಜ್ಜ ಎಲ್ಲ ಇದ್ದಾರೆ. ಅಗ್ರಿಮೆಂಟಿನಲ್ಲಿ ‘ಕ್ಲಬ್‌ಹೌಸ್’ ಅಂತ ಒಂದೇ ಪದ. ನಕ್ಷೆಯಲ್ಲಿ ನೆಲಮಹಡಿಯಲ್ಲಿ ಒಂದು ಹಾಲ್ ಇದೆ, ಈಗ ಅದರ ತುಂಬ ಸೆಂಟ್ರಿಂಗ್ ಶೀಟು. ಬ್ರೋಷರ್ ಬರೀ ಜಾಹೀರಾತು ಅಂತ ಬಿಲ್ಡರ್‌ಗಳು ಹೇಳೋದು ಮಾಮೂಲು. ಆದರೆ 12ನೇ ಸೆಕ್ಷನ್ ಪ್ರಕಾರ ಜಾಹೀರಾತಿನ ಸುಳ್ಳು ಮಾತು ನಂಬಿ ದುಡ್ಡು ಕೊಟ್ಟು ನಷ್ಟ ಆದವರೂ ಪರಿಹಾರ ಕೇಳಬಹುದು. ಆದ್ರೂ ಪತ್ರದಲ್ಲಿ ಗಟ್ಟಿಯಾಗಿ ಹಿಡಿಯಬೇಕಾದ್ದು ನಕ್ಷೆಯ ಆ ಹಾಲನ್ನು. ಅದು ಇದೆ, ಖಾಲಿ ಮಾಡಿಸಿದರೆ ಸಾಕು. ಪಾರ್ಕಿಂಗ್ ಹಾಗಲ್ಲ. ಪಿಲ್ಲರ್ ಸರಿಸೋಕಾಗಲ್ಲ. ಗೋಡೆ ಕಟ್ಟಿದ ಎರಡನ್ನು ಬಿಡಿಸಿಕೊಂಡು, ಉಳಿದ ಏಳಕ್ಕೆ ಪಕ್ಕದ ಜಾಗ ಅಥವಾ ದುಡ್ಡು ಕೇಳಬೇಕು.

"ಕೀ ತಗೊಳ್ಳುವಾಗ ಎಲ್ಲ ಸರಿಯಾಗಿದೆ ಅಂತ ಸಹಿ ಹಾಕಿಬಿಟ್ಟಿದ್ದೀವಲ್ಲ" ಅಂತ ಭಾವನ ಅಳುಕು. ಬಿಲ್ಡರ್ ಕೂಡ ಅದನ್ನೇ ತೋರಿಸ್ತಿದ್ದಾರಂತೆ. ಬೆಂಗಳೂರಿನ ಬೇಗೂರು ಕಡೆಯ ಒಂದು ದೊಡ್ಡ ಯೋಜನೆಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಮನೆ ವಶಕ್ಕೆ ತಗೊಂಡ ಮಾತ್ರಕ್ಕೆ, ಕ್ರಯಪತ್ರ ಮಾಡಿಸಿಕೊಂಡ ಮಾತ್ರಕ್ಕೆ, ಪರಿಹಾರ ಕೇಳುವ ಹಕ್ಕು ಹೋಗಲ್ಲ ಅಂತ.

ಹಕ್ಕು ಹೋಗಲ್ಲ, ಟೈಮ್ ಹೋಗುತ್ತೆ. ನಮ್ಮೂರಿನ ದಾಕ್ಷಿಣ್ಯದ ಮೇಲೆ ನನಗೆ ಸಿಟ್ಟು ಬರೋದು ಇಲ್ಲೇ. ಗ್ರಾಹಕ ಆಯೋಗಕ್ಕೆ ಹೋಗೋಕೆ ಸಾಮಾನ್ಯವಾಗಿ ಎರಡು ವರ್ಷದ ಗಡುವು. ಪತ್ರ ಬರೀತಾ ಕೂತರೆ ಆ ಗಡುವು ನಿಲ್ಲಲ್ಲ. "ಮಳೆಗಾಲ ಮುಗೀಲಿ" ಅಂತ ಬಿಲ್ಡರ್ ಅಂದರು, ಮುಗೀತು. "ಅಡಿಕೆ ಕೊಯ್ಲು ಮುಗೀಲಿ, ಆಳು ಸಿಗ್ತಿಲ್ಲ" ಅಂದರು, ಅದೂ ಮುಗೀತು. ಇವರು ಪ್ರತಿ ಸಲ ತಲೆಯಾಡಿಸಿ ಕಾಫಿ ಕುಡಿದು ಬಂದರು.

ಇನ್ನೊಂದು ಆಟ ಇದೆ. ಜೋರಾಗಿ ಮಾತಾಡುವ ಒಬ್ಬರಿಗೆ ಬಿಲ್ಡರ್ ಗೇಟಿನ ಪಕ್ಕ ಜಾಗ ಮಾಡಿಕೊಟ್ಟರು. ಮರುದಿನದಿಂದ ಅವರ ದನಿಯೇ ಇಲ್ಲ. ಅದಕ್ಕೇ ಪತ್ರ ಒಬ್ಬೊಬ್ಬರ ಸಹಿಯಲ್ಲಿ ಹೋಗಬಾರದು. ಸಂಘದ ಸಭೆಯಲ್ಲಿ ಠರಾವು ಮಾಡಿ, ಸಂಘದ ಹೆಸರಲ್ಲಿ, ಅಗ್ರಿಮೆಂಟಿನಲ್ಲಿರುವ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಬೇಕು, ತಲುಪಿದ ಪುರಾವೆ ಇಟ್ಟುಕೊಳ್ಳಬೇಕು. ರೇರಾದಲ್ಲಿ ದೂರು ಕೊಡೋಕೂ ಸಂಘಕ್ಕೆ ಅವಕಾಶ ಇದೆ. ಮೂವತ್ತು ದಿನ ಕೊಟ್ಟು, ಆಗದಿದ್ದರೆ ಅಲ್ಲಿಗೆ ಹೋಗ್ತೀವಿ ಅಂತ ಒಂದು ಸಾಲು ಬರೆದರೆ ಸಾಕು.

ಹೊಸ ಕರಡು ನಾನೇ ಮಾಡಿ ಕಳಿಸಿದೆ. ಭಾವ ಓದಿ ಸುಮಾರು ಹೊತ್ತು ಸುಮ್ಮನಿದ್ದರು. "ಎಲ್ಲ ಸರಿ. ಆದರೆ ನಿಮ್ಮ ಪುಣೆ ಬಿಲ್ಡರ್ ಮುಖ ನೀನು ನೋಡಿದ್ದೀಯಾ?" ಅಂತ ಕೇಳಿದರು. ನೋಡಿಲ್ಲ. ನಮ್ಮ ಕ್ಲಬ್‌ಹೌಸ್ ವಕೀಲರ ಕಾಗದಗಳ ನಡುವೆ ವರ್ಷಗಟ್ಟಲೆ ಸಿಕ್ಕಿಕೊಂಡು, ಕೊನೆಗೆ ಬಂತು. ಅಷ್ಟರಲ್ಲಿ ಕಮಿಟಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡ್ತಿರಲಿಲ್ಲ. ಆಷಾಢದ ಮಳೆಯಲ್ಲಿ ಶಿವಮೊಗ್ಗದ ಲಿಫ್ಟ್ ಕೆಟ್ಟಾಗ ಈ ಬಿಲ್ಡರ್ ರಾತ್ರಿ ತಾನೇ ಮೆಕ್ಯಾನಿಕ್ ಕರ್ಕೊಂಡು ಬಂದಿದ್ದರಂತೆ. ಅಕ್ಕನ ಮೊಣಕಾಲು ಆಪರೇಷನ್ ಆಗಿತ್ತು, ಅವಳು ಕೆಳಗೇ ಕೂತಿದ್ದಳು. ಅದನ್ನು ನಾನು ಇಲ್ಲ ಅನ್ನೋಕಾಗಲ್ಲ, ಇಷ್ಟ ಇಲ್ಲದಿದ್ರೂ.

ಪತ್ರ ಸೋಮವಾರ ಹೋಗುತ್ತೆ. ಪೋಸ್ಟ್ ಮಾಡುವ ಮೊದಲು ಬಿಲ್ಡರ್‌ಗೆ ಒಂದು ಫೋನ್ ಮಾಡ್ತೀನಿ, ಇಲ್ಲಾಂದ್ರೆ ಚೆನ್ನಾಗಿರಲ್ಲ ಅಂತಿದ್ದಾರೆ ಭಾವ. ಮಾಡಲಿ. ಫೋನಲ್ಲಿ ಇನ್ನೊಂದು ತಿಂಗಳು ಅಂತ ಒಪ್ಪಿಕೊಂಡು ಬಿಡ್ತಾರೇನೋ ಅನ್ನೋ ಭಯಕ್ಕೆ, ಠರಾವಿನ ಪ್ರತಿಯನ್ನು ಮೇಷ್ಟ್ರ ಹತ್ತಿರ ಇಟ್ಟುಕೊಳ್ಳೋಕೆ ಹೇಳಿದ್ದೀನಿ.